ಷೇರಿನ ಬೆಲೆ ಏರಿದರೂ ಕಾಲ್ ಆಪ್ಷನ್ ಕೊಂಡವರಿಗೆ ನಷ್ಟವಾಗುವುದೇಕೆ?

‘20 ರೂಪಾಯಿಯ ಆಪ್ಷನ್ ಒಂದೇ ದಿನದಲ್ಲಿ 100 ರೂಪಾಯಿ ಆಯಿತು’ ಎಂಬಂತಹ ಸ್ಕ್ರೀನ್‌ಶಾಟ್‌ಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಹೀಗೆ ಆಗುವುದೇ ಇಲ್ಲ ಎಂದಲ್ಲ, ಕೆಲವೊಮ್ಮೆ ಆಗುತ್ತದೆ. ಆದರೆ ಇದನ್ನು ನೋಡಿ ‘ಆಪ್ಷನ್ ಎಂದರೆ ಕಡಿಮೆ ಬೆಲೆಗೆ ಸಿಗುವ ಷೇರು’ ಎಂದುಕೊಂಡರೆ ಅದು ತಪ್ಪು. ನಿಜವಾಗಿ ಆಪ್ಷನ್ ಎಂದರೇನು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಕಾಲ್ ಆಪ್ಷನ್ ಎಂದರೇನು?

ಷೇರು ಕೊಂಡರೆ ನೀವು ಕಂಪನಿಯ ಒಂದು ಪಾಲಿಗೆ ಒಡೆಯರು. ಬೆಲೆ ಇಳಿದರೂ ಅದನ್ನು ವರ್ಷಗಟ್ಟಲೆ ಇಟ್ಟುಕೊಂಡು ಕಾಯಬಹುದು. ಕಾಲ್ ಆಪ್ಷನ್ ಕೊಂಡಾಗ ನಿಮಗೆ ಸಿಗುವುದು ಷೇರಲ್ಲ. ನಿಗದಿತ ದಿನದಂದು ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು ಮಾತ್ರ.

ಇದು ಸೈಟಿಗೆ ಅಡ್ವಾನ್ಸ್ ಕೊಟ್ಟು ಬೆಲೆ ಗಟ್ಟಿ ಮಾಡಿಕೊಂಡಂತೆ. ಒಂದು ವ್ಯತ್ಯಾಸವಿದೆ: ಸೈಟಿನ ಅಡ್ವಾನ್ಸ್ ಕೊನೆಗೆ ಒಟ್ಟು ಬೆಲೆಯಲ್ಲಿ ವಜಾ ಆಗುತ್ತದೆ, ಆಪ್ಷನ್‌ಗೆ ಕೊಟ್ಟ ಹಣ ವಜಾ ಆಗುವುದಿಲ್ಲ. ಈ ಹಣವನ್ನು ಪ್ರೀಮಿಯಂ ಎನ್ನುತ್ತಾರೆ. ನಿಗದಿತ ಬೆಲೆಗೆ ಸ್ಟ್ರೈಕ್ ಎಂದೂ ಕೊನೆಯ ದಿನಕ್ಕೆ ಎಕ್ಸ್‌ಪೈರಿ ಎಂದೂ ಹೆಸರು.

ಲೆಕ್ಕ ಹಾಕಿ ನೋಡೋಣ

ಒಂದು ಷೇರಿನ ಬೆಲೆ ಇಂದು 1,000 ರೂಪಾಯಿ ಎಂದಿಟ್ಟುಕೊಳ್ಳಿ. ಅದು ಏರುತ್ತದೆ ಎಂಬ ನಂಬಿಕೆಯಿಂದ ನೀವು 1,050 ಸ್ಟ್ರೈಕ್‌ನ ಕಾಲ್ ಕೊಳ್ಳುತ್ತೀರಿ. ಪ್ರೀಮಿಯಂ ಷೇರಿಗೆ 20 ರೂಪಾಯಿ. ಆಪ್ಷನ್‌ಗಳನ್ನು ಬಿಡಿಯಾಗಿ ಮಾರುವುದಿಲ್ಲ, ಲಾಟ್ ಲೆಕ್ಕದಲ್ಲಿ ಕೊಳ್ಳಬೇಕು. ಇಲ್ಲಿ ಲಾಟ್‌ಗೆ 500 ಷೇರು ಎಂದಾದರೆ ನೀವು ಕೊಟ್ಟದ್ದು 10,000 ರೂಪಾಯಿ.

ಎಕ್ಸ್‌ಪೈರಿ ದಿನ ಷೇರು 1,040ಕ್ಕೆ ಬಂತು. ನಿಮ್ಮ ಊಹೆ ಸರಿಯಾಯಿತು, ಷೇರು ಏರಿದೆ. ಆದರೆ ಮಾರುಕಟ್ಟೆಯಲ್ಲಿ 1,040ಕ್ಕೆ ಸಿಗುವುದನ್ನು 1,050ಕ್ಕೆ ಕೊಳ್ಳುವ ಹಕ್ಕು ಯಾರಿಗೆ ಬೇಕು? ಅದರ ಬೆಲೆ ಸೊನ್ನೆ. ಪೂರ್ತಿ 10,000 ಹೋಯಿತು.

ಷೇರು 1,060 ಆಗಿದ್ದರೆ ಹಕ್ಕಿನ ಬೆಲೆ 10 ರೂಪಾಯಿ, ಅಂದರೆ ಲಾಟ್‌ಗೆ 5,000. ಆಗಲೂ 5,000 ನಷ್ಟ. ಅಸಲು ವಾಪಸ್ ಬರಬೇಕಾದರೆ ಷೇರು 1,070 ಮುಟ್ಟಬೇಕು, ಅಂದರೆ ಸ್ಟ್ರೈಕ್ ಜೊತೆ ಪ್ರೀಮಿಯಂ ಕೂಡಿಸಿದಷ್ಟು. ಅದು 1,100 ಆದರೆ 15,000 ಲಾಭ. ಇದರಲ್ಲಿ ಬ್ರೋಕರ್ ಶುಲ್ಕ, ತೆರಿಗೆ ಸೇರಿಲ್ಲ.

ಎಕ್ಸ್‌ಪೈರಿಗೆ ಮೊದಲೇ ಆಪ್ಷನ್ ಮಾರಿ ಹೊರಬರಬಹುದು. ಆದರೆ ಷೇರು ನಿಂತಲ್ಲೇ ನಿಂತರೂ ದಿನ ಕಳೆದಂತೆ ಪ್ರೀಮಿಯಂ ಕರಗುತ್ತದೆ, ಏಕೆಂದರೆ ಬೆಲೆ ಏರಲು ಉಳಿದಿರುವ ಸಮಯ ಕಡಿಮೆಯಾಗುತ್ತಿರುತ್ತದೆ. ಹಾಗಾಗಿ ಬೆಲೆ ಏರಿದರಷ್ಟೇ ಸಾಲದು. ಸಾಕಷ್ಟು ಏರಬೇಕು, ಸಮಯದೊಳಗೆ ಏರಬೇಕು.

ಪುಟ್ ಆಪ್ಷನ್ ಎಂದರೇನು?

ಪುಟ್ ಎಂದರೆ ನಿಗದಿತ ಬೆಲೆಗೆ ಮಾರುವ ಹಕ್ಕು. ಇದೇ ಷೇರು ನಿಮ್ಮ ಬಳಿ 500 ಇವೆ, ಬೆಲೆ ಕುಸಿಯುವ ಭಯವಿದೆ ಎನ್ನೋಣ. 950 ಸ್ಟ್ರೈಕ್‌ನ ಪುಟ್ ಅನ್ನು 15 ರೂಪಾಯಿಗೆ, ಅಂದರೆ ಒಟ್ಟು 7,500ಕ್ಕೆ ಕೊಂಡಿರಿ. ಷೇರು 850ಕ್ಕೆ ಇಳಿದರೆ ಷೇರುಗಳಲ್ಲಿ 75,000 ನಷ್ಟ. ಆದರೆ ಪುಟ್‌ನಿಂದ 50,000 ಬರುತ್ತದೆ. ಬೆಲೆ ಇಳಿಯದಿದ್ದರೆ 7,500 ಹೋಗುತ್ತದೆ, ಅಪಘಾತವಾಗದ ವರ್ಷ ಗಾಡಿಯ ವಿಮೆ ಹಣ ಹೋದಂತೆ. ಷೇರು ಇಲ್ಲದವರೂ ಪುಟ್ ಕೊಳ್ಳಬಹುದು. ಆಗ ಅದು ಬೆಲೆ ಇಳಿಯುತ್ತದೆ ಎಂಬ ಪಂದ್ಯ.

ಮಾರುವವರ ಕಥೆ ಬೇರೆ

ಕೊಂಡವರ ನಷ್ಟ ಪ್ರೀಮಿಯಂಗೆ ನಿಲ್ಲುತ್ತದೆ, ಮಾರಿದವರದ್ದು ನಿಲ್ಲುವುದಿಲ್ಲ. ಮೇಲಿನ ಕಾಲ್ ಮಾರಿದವರಿಗೆ ಸಿಕ್ಕಿದ್ದು 10,000. ಷೇರು 1,200ಕ್ಕೆ ಹಾರಿದರೆ ಅವರ ಹೊಣೆ 75,000. ಅದಕ್ಕೇ ಬ್ರೋಕರ್ ಅವರಿಂದ ದೊಡ್ಡ ಮೊತ್ತದ ಮಾರ್ಜಿನ್ ಕಟ್ಟಿಸಿಕೊಳ್ಳುತ್ತಾರೆ. ‘ಆಪ್ಷನ್ ಮಾರಿ ತಿಂಗಳ ಆದಾಯ’ ಎಂಬ ಸಂದೇಶಗಳು ಸಾಮಾನ್ಯವಾಗಿ ಹೇಳದೆ ಬಿಡುವುದು ಇದನ್ನೇ.

ಭಾರತದಲ್ಲಿ ಇನ್ನೊಂದು ನಿಯಮವಿದೆ. ನಿಫ್ಟಿಯಂತಹ ಸೂಚ್ಯಂಕದ ಆಪ್ಷನ್‌ಗಳು ಹಣದಲ್ಲೇ ಚುಕ್ತಾ ಆಗುತ್ತವೆ. ಆದರೆ ಕಂಪನಿ ಷೇರಿನ ಆಪ್ಷನ್ ಲಾಭದ ಸ್ಥಿತಿಯಲ್ಲಿ ಎಕ್ಸ್‌ಪೈರಿ ತಲುಪಿದರೆ ಷೇರುಗಳೇ ಕೈಬದಲಾಗಬೇಕು. ಅಂದರೆ ನಮ್ಮ ಉದಾಹರಣೆಯಲ್ಲಿ 10,000 ಹಾಕಿದವರು 5,25,000 ರೂಪಾಯಿ ಹೊಂದಿಸಬೇಕು, ಇಲ್ಲವೇ ಮೊದಲೇ ಮಾರಿ ಹೊರಬರಬೇಕು.

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಬಿಡಿ ವ್ಯಕ್ತಿಗಳಲ್ಲಿ 93% ಮಂದಿ ನಷ್ಟ ಅನುಭವಿಸಿದ್ದಾರೆ. ಮುಂದಿನ ಬಾರಿ ಲಾಭದ ಸ್ಕ್ರೀನ್‌ಶಾಟ್ ಬಂದಾಗ ಸ್ಟ್ರೈಕ್ ಎಷ್ಟು, ಪ್ರೀಮಿಯಂ ಎಷ್ಟು, ಎಕ್ಸ್‌ಪೈರಿಗೆ ಎಷ್ಟು ದಿನ ಉಳಿದಿತ್ತು ಎಂದು ಕಳಿಸಿದವರನ್ನು ಕೇಳಿ. ಉತ್ತರ ಬಾರದಿದ್ದರೆ ಅದನ್ನು ಫಾರ್ವರ್ಡ್ ಮಾಡಬೇಡಿ.