ಕ್ರೋಟನ್ ಎಲೆಯ ಬಣ್ಣ ಮಾಸಿದರೆ ಅರಿಶಿನದ ನೀರು ಹಾಕಿದರೆ ಸಾಕೇ?

ನರ್ಸರಿಯಿಂದ ತಂದಾಗ ಕೆಂಪು, ಹಳದಿ, ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿದ್ದ ಕ್ರೋಟನ್ ಗಿಡ ಮೂರು ತಿಂಗಳಲ್ಲಿ ಬರೀ ಹಸಿರಾಗಿದೆ ಎಂದು ಓದುಗರೊಬ್ಬರು ಫೋಟೋ ಕಳಿಸಿದ್ದರು. ಬುಡಕ್ಕೆ ಅರಿಶಿನದ ನೀರು ಹಾಕಿದರೆ ಬಣ್ಣ ಮರಳುತ್ತದೆ ಎಂಬ ಫಾರ್ವರ್ಡ್ ಅವರಿಗೆ ಬಂದಿತ್ತು. ಅದು ನಿಜವೇ?

ಇಲ್ಲ. ಎಲೆಯ ಬಣ್ಣ ಬುಡಕ್ಕೆ ಸುರಿದ ನೀರಿನಿಂದ ಬರುವುದಿಲ್ಲ, ಎಲೆಯೊಳಗೇ ತಯಾರಾಗುತ್ತದೆ. ಕೆಂಪಿಗೆ ಆಂಥೋಸಯಾನಿನ್, ಹಳದಿ-ಕಿತ್ತಳೆಗೆ ಕೆರೋಟಿನಾಯ್ಡ್ ಎಂಬ ವರ್ಣಕಗಳು ಕಾರಣ. ಬೆಳಕು ಚೆನ್ನಾಗಿದ್ದರೆ ಕೆಂಪು ವರ್ಣಕ ಹೆಚ್ಚು ತಯಾರಾಗುತ್ತದೆ. ನೆರಳಿನಲ್ಲಿ ಗಿಡ ಸಿಕ್ಕ ಅಲ್ಪ ಬೆಳಕನ್ನೇ ಹಿಡಿಯಲು ಹರಿತ್ತನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಹಸಿರು ಉಳಿದ ಬಣ್ಣಗಳನ್ನು ಮುಚ್ಚಿಬಿಡುತ್ತದೆ. ಅಂದರೆ ಇದು ರೋಗವಲ್ಲ, ಗಿಡ ಬದುಕಲು ಮಾಡಿಕೊಂಡ ಹೊಂದಾಣಿಕೆ.

ಫೋಟೋದಲ್ಲೇ ಇದಕ್ಕೆ ಸುಳಿವಿತ್ತು. ಕುಂಡ ಸೋಫಾ ಪಕ್ಕದಲ್ಲಿತ್ತು. ಕಿಟಕಿ ಕಡೆಯ ಎಲೆಗಳಲ್ಲಿ ಇನ್ನೂ ಸ್ವಲ್ಪ ಕೆಂಪಿತ್ತು, ಗೋಡೆ ಕಡೆಯವು ಪೂರ್ತಿ ಹಸಿರಾಗಿದ್ದವು. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಕೊರತೆ ಬೆಳಕಿನದ್ದೇ ಎಂದು ತಿಳಿಯಿರಿ. ಮಧ್ಯಾಹ್ನ ಕುಂಡದ ಮೇಲೆ ಕೈ ಹಿಡಿದು ನೋಡಿ: ನೆರಳು ಸ್ಪಷ್ಟವಾಗಿ ಬೀಳದಿದ್ದರೆ ಆ ಜಾಗ ಕ್ರೋಟನ್‌ಗೆ ಸಾಲದು.

ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವ ಪೂರ್ವದ ಬಾಲ್ಕನಿ ಇದಕ್ಕೆ ಒಳ್ಳೆಯದು. ಆದರೆ ಒಂದೇ ದಿನದಲ್ಲಿ ಒಳಗಿನಿಂದ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ. ಮೊದಲ ವಾರ ದಿನಕ್ಕೆ ಒಂದು ಗಂಟೆ, ಮುಂದಿನ ವಾರ ಎರಡು ಗಂಟೆ, ಹೀಗೆ ಹೆಚ್ಚಿಸುತ್ತ ಹೋಗಿ. ಜಾಗ ಬದಲಾದಾಗ ಕೆಲವು ಎಲೆ ಉದುರುವುದು ಸಹಜ. ಆಗ ಗಾಬರಿಯಿಂದ ನೀರು ಹೆಚ್ಚು ಹಾಕಬೇಡಿ, ಬೇರು ಕೊಳೆಯುತ್ತದೆ.

ಹಸಿರಾದ ಹಳೆಯ ಎಲೆ ಸಾಮಾನ್ಯವಾಗಿ ಮೊದಲಿನ ಬಣ್ಣಕ್ಕೆ ಮರಳುವುದಿಲ್ಲ. ಬಣ್ಣ ಕಾಣುವುದು ಹೊಸ ಎಲೆಗಳಲ್ಲಿ. ಅನೇಕ ತಳಿಗಳಲ್ಲಿ ಚಿಗುರು ಹಸಿರು-ಹಳದಿಯಾಗಿಯೇ ಬಂದು, ಬಲಿತ ಮೇಲೆ ಕೆಂಪಾಗುತ್ತದೆ. ಹಾಗಾಗಿ ಚಿಗುರು ನೋಡಿ ತೀರ್ಮಾನಿಸದೆ ಕೆಲವು ವಾರ ಕಾಯಬೇಕು.

ನೆರಳಿನಲ್ಲಿದ್ದ ಗಿಡ ಉದ್ದುದ್ದ ಬೆಳೆದು ಕೆಳಗೆ ಬೋಳಾಗಿರುತ್ತದೆ. ಕೊಂಬೆಯ ತುದಿಯ ಮೊಗ್ಗು ಕೆಳಗಿನ ಮೊಗ್ಗುಗಳನ್ನು ತಡೆದಿಡುವುದೇ ಇದಕ್ಕೆ ಒಂದು ಕಾರಣ. ತುದಿ ಕತ್ತರಿಸಿದರೆ ಆ ತಡೆ ಹೋಗಿ, ಕೆಳಗಿನಿಂದ ಎರಡು-ಮೂರು ಕವಲು ಒಡೆಯುತ್ತವೆ. ಗಿಡ ಹೊಸ ಜಾಗಕ್ಕೆ ಒಗ್ಗಿಕೊಂಡ ಮೇಲೆ, ಚಿಗುರುವ ಕಾಲವಾದ ಬೇಸಿಗೆಯ ಆರಂಭದಲ್ಲಿ ಅಥವಾ ಮುಂಗಾರಿಗೆ ಮುಂಚೆ, ಎಲೆ ಹುಟ್ಟುವ ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಒಮ್ಮೆಗೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಗಾಯದಿಂದ ಒಸರುವ ಸೊನೆ ಚರ್ಮ, ಕಣ್ಣಿಗೆ ಉರಿ ತರಬಹುದು, ಕೈಗವಸು ಹಾಕಿಕೊಳ್ಳಿ. ಮಕ್ಕಳು, ನಾಯಿ, ಬೆಕ್ಕು ಎಲೆ ಕಚ್ಚದಂತೆ ನೋಡಿಕೊಳ್ಳಿ.

ನೆರಳಿನಲ್ಲೇ ಬಿಟ್ಟು ಬರೀ ಕತ್ತರಿಸಿದರೆ ಹೊಸ ಕವಲೂ ಹಸಿರಾಗಿಯೇ ಬರುತ್ತದೆ. ಮೊದಲು ಬೆಳಕು, ಆಮೇಲೆ ಕತ್ತರಿ. ಅರಿಶಿನ ಅಡುಗೆಮನೆಯಲ್ಲೇ ಇರಲಿ.