ಎಳನೀರಿಗೆ ಸಲ್ಲದ ಕೀರ್ತಿ

ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ, ಅಂದರೆ ಅಂಡ ಬಿಡುಗಡೆಯಾದ ಮೇಲೆ ಮುಂದಿನ ಮುಟ್ಟು ಬರುವವರೆಗೆ, ಹೆಣ್ಣಿನ ಮೈತಾಪ ತುಸು ಏರಿಯೇ ಇರುತ್ತದೆ. ಆ ಅವಧಿಯ ಕೊನೆಯ ಕೆಲವು ದಿನ ಬಹಳ ಮಂದಿಗೆ ನಿದ್ದೆ ಕೆಡುತ್ತದೆ. ಎರಡರ ಹಿಂದೆಯೂ ಇರುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಆದರೆ ಅದು ಇರುವುದರಿಂದ ತಾಪ ಏರುತ್ತದೆ, ಹೊರಟುಹೋಗುವುದರಿಂದ ಮುಖ್ಯವಾಗಿ ನಿದ್ದೆ ಕೆಡುತ್ತದೆ. ನನ್ನ ವಾದ ಇಷ್ಟೇ. ಇದಕ್ಕೆ ಎದುರಾಗಿ ಬರುವ ಮಾತುಗಳು ಹೊಸವಲ್ಲ. ಅವು ಪರಸ್ಪರ ಹೊಡೆದಾಡಿಕೊಳ್ಳುತ್ತವೆ ಎಂಬುದನ್ನು ಮಾತ್ರ ಹೇಳುವವರು ಗಮನಿಸಿದಂತಿಲ್ಲ. ಒಂದೊಂದಾಗಿ ಎತ್ತಿಕೊಳ್ಳುತ್ತೇನೆ, ತೀರ್ಪು ಓದುಗರದು.

ಮೊದಲ ಆಕ್ಷೇಪ ಅಡುಗೆಮನೆಯದು. ಎಳ್ಳು, ಬೆಲ್ಲ, ಪಪ್ಪಾಯಿ, ಮೊಟ್ಟೆ ತಿಂದು ಮೈ ಉಷ್ಣವಾಗಿದೆ, ಅದಕ್ಕೇ ನಿದ್ದೆ ಇಲ್ಲ. ಎಳನೀರು ಕುಡಿದು ನೆತ್ತಿಗೆ ಹರಳೆಣ್ಣೆ ಹಾಕಿಕೊಂಡರೆ ಸರಿಹೋಗುತ್ತದೆ ಎನ್ನುತ್ತಾರೆ. ಇದಕ್ಕೆ ಸಾಕ್ಷಿಯನ್ನೂ ಒದಗಿಸುತ್ತಾರೆ: ಎರಡು ದಿನ ಎಳನೀರು ಕುಡಿದಳು, ಮೂರನೇ ದಿನ ಮೈ ತಣ್ಣಗಾಯಿತು. ಈ ಸಾಕ್ಷಿಯನ್ನು ಕಟಕಟೆಗೆ ಹತ್ತಿಸೋಣ. ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು, ಬಾಯಿಗೆ ನೀರೂ ಹಾಕದೆ, ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುವ ಹೆಂಗಸೊಬ್ಬಳ ಪಟ್ಟಿಯನ್ನು ಮಾದರಿಗೆ ನೋಡಿ. ಚಕ್ರ 30 ದಿನದ್ದು. ಮುಟ್ಟು ನಿಂತಾಗಿನಿಂದ 15ನೇ ದಿನದವರೆಗೆ ತಾಪ 97.2ರಿಂದ 97.5 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಆಡುತ್ತದೆ. 16ನೇ ದಿನ ಅಂಡ ಬಿಡುಗಡೆ. 17ರಂದು 97.7, 18ರಂದು 98.0, ಅಲ್ಲಿಂದ 28ರವರೆಗೆ 98ಕ್ಕಿಂತ ಕೆಳಗಿಳಿಯುವುದಿಲ್ಲ. 29ರಂದು 97.8, 30ರಂದು 97.5, ಮರುದಿನ ಮುಟ್ಟು. ನಿದ್ದೆ ಕೆಟ್ಟಿತೆಂದು ಅವಳು ಎಳನೀರು ಶುರುಮಾಡುವುದು 27ರಂದು. 29ರಂದು ತಾಪ ಇಳಿಯಿತು, ಕೀರ್ತಿ ಎಳನೀರಿಗೆ ಹೋಯಿತು. ಎಳನೀರನ್ನೇ ಮುಟ್ಟದವಳ ಪಟ್ಟಿಯೂ ಅದೇ ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಯಾರೂ ನೋಡಲು ಹೋಗುವುದಿಲ್ಲ.

ಇಳಿಯುವುದಕ್ಕೆ ಕಾರಣ ಅಂಡಾಶಯದಲ್ಲಿದೆ. ಅಂಡ ಹೊರಬಿದ್ದ ಮೇಲೆ ಅದನ್ನು ಸುತ್ತಿಕೊಂಡಿದ್ದ ಚೀಲ ಕಾರ್ಪಸ್ ಲೂಟಿಯಂ ಎಂಬ ಹಳದಿ ಗಂಟಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಸುರಿಸತೊಡಗುತ್ತದೆ. ಆ ಹಾರ್ಮೋನು ಮಿದುಳಿನ ಹೈಪೋಥಲಾಮಸ್‌ಗೆ ತಲುಪಿ, ಮೈ ಕಾಯ್ದುಕೊಳ್ಳಬೇಕಾದ ತಾಪದ ಮಟ್ಟವನ್ನೇ ಅರ್ಧದಿಂದ ಮುಕ್ಕಾಲು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಮೇಲಕ್ಕೆತ್ತುತ್ತದೆ. ಗರ್ಭ ನಿಲ್ಲದಿದ್ದರೆ ಗಂಟಿನ ಆಯುಸ್ಸು ಸುಮಾರು ಎರಡು ವಾರ. ಅದು ಸತ್ತಾಗ ಪ್ರೊಜೆಸ್ಟರಾನ್ ಕುಸಿಯುತ್ತದೆ, ತಾಪ ಇಳಿಯುತ್ತದೆ, ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗುತ್ತದೆ. ಉಷ್ಣ ಹೆಚ್ಚಿದ್ದರಿಂದ ಮುಟ್ಟು ಬಂತು ಎನ್ನುವವರು ಒಂದೇ ಕಾರಣದ ಎರಡು ಪರಿಣಾಮಗಳಲ್ಲಿ ಒಂದನ್ನು ಇನ್ನೊಂದರ ಕಾರಣ ಮಾಡಿಬಿಟ್ಟಿದ್ದಾರೆ.

ಅಡುಗೆಮನೆಯ ವಾದಕ್ಕೆ ಇನ್ನೂ ಎರಡು ಪ್ರಶ್ನೆ ಬಾಕಿ ಇವೆ. ಅದೇ ಹೆಂಗಸಿಗೆ ಮುಂದಿನ ತಿಂಗಳು ಕಾಯಿಲೆ, ಓಡಾಟ ಅಂತ ಅಂಡ ಬಿಡುಗಡೆ 21ಕ್ಕೆ ಹೋಗುತ್ತದೆ. ತಾಪ ಏರುವುದು 22–23ರ ಹೊತ್ತಿಗೆ, ಮುಟ್ಟು ಬರುವುದು 35 ದಿನ ತುಂಬಿದ ಮೇಲೆ. ಒಲೆ ಅದೇ, ಊಟ ಅದೇ. ಎಳ್ಳುಬೆಲ್ಲದ ಉಷ್ಣ ಐದು ದಿನ ಯಾರಿಗಾಗಿ ಕಾದು ಕೂತಿತ್ತು? ಇನ್ನು ಪಿಸಿಒಡಿ ಇದ್ದು ಅಂಡವೇ ಬಿಡುಗಡೆಯಾಗದ ತಿಂಗಳಲ್ಲಿ, ರಕ್ತಸ್ರಾವವಾದರೂ ಪಟ್ಟಿಯಲ್ಲಿ ಈ ಏರಿಕೆ ಕಾಣುವುದಿಲ್ಲ, ಎಷ್ಟು ಪಪ್ಪಾಯಿ ತಿಂದಿದ್ದರೂ ಅಷ್ಟೆ. ಇಲ್ಲಿಗೆ ಬಂದಾಗ ಎದುರಾಳಿಗಳು ಜಾರಿಕೊಳ್ಳುತ್ತಾರೆ: ನಾವು ಹೇಳುವ ಉಷ್ಣ ಥರ್ಮಾಮೀಟರಿಗೆ ಸಿಗುವಂಥದ್ದಲ್ಲ ಎನ್ನುತ್ತಾರೆ. ಹಾಗಿದ್ದರೆ ಮೂರನೇ ದಿನ ಮೈ ತಣ್ಣಗಾಯಿತೆಂದು ಹಣೆ ಮುಟ್ಟಿ ಸಾಕ್ಷಿ ಹೇಳಿದ್ದು ಏಕೆ? ಎಳನೀರಿನ ಮೇಲೆ ನನಗೇನೂ ಹಗೆಯಿಲ್ಲ, ಬಾಯಾರಿದಾಗ ಕುಡಿಯಲು ಅದಕ್ಕಿಂತ ಒಳ್ಳೆಯದು ಕಡಿಮೆ.

ಎರಡನೆಯವರು ತಾಪ ಏರುವುದನ್ನು ಒಪ್ಪುತ್ತಾರೆ, ಆದರೆ ಅದನ್ನು ಒಳಜ್ವರ ಎಂದು ಕರೆದು ಪ್ಯಾರಾಸಿಟಮಾಲ್ ನುಂಗಿಸುತ್ತಾರೆ. ಜ್ವರದಲ್ಲೂ ಮಿದುಳು ತಾಪದ ಮಟ್ಟವನ್ನು ಎತ್ತಿಡುತ್ತದೆ ಎಂಬುದು ನಿಜ. ಗೀಸರಿನ ಗುಂಡಿಯನ್ನು ಯಾರೋ ಒಂದು ಗೆರೆ ಮುಂದಕ್ಕೆ ತಿರುಗಿಸಿದ ಹಾಗೆ. ಪ್ರಶ್ನೆ ಇರುವುದು ತಿರುಗಿಸಿದವರು ಯಾರು ಎಂಬುದರಲ್ಲಿ. ಜ್ವರದಲ್ಲಿ ಆ ಕೆಲಸ ಮಾಡುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಪ್ಯಾರಾಸಿಟಮಾಲ್ ಕೆಲಸ ಅದನ್ನು ತಡೆಯುವುದು. ಚಕ್ರದ ಎರಡನೇ ಅರ್ಧದ ಏರಿಕೆಯೂ ಇದೇ ದಾರಿಯಲ್ಲಿ ಬಂದಿದ್ದರೆ ಮಾತ್ರೆಗೆ ಬಗ್ಗಲೇಬೇಕಿತ್ತು. ನಿದ್ರಾ ಸಂಶೋಧಕಿ ಫಿಯೋನಾ ಬೇಕರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಎರಡನೇ ಅರ್ಧದಲ್ಲಿದ್ದ ಆರೋಗ್ಯವಂತ ಯುವತಿಯರಿಗೆ ಪ್ಯಾರಾಸಿಟಮಾಲ್ ಕೊಟ್ಟು ಇಡೀ ದಿನದ ತಾಪವನ್ನೂ ರಾತ್ರಿಯ ನಿದ್ದೆಯನ್ನೂ ಅಳೆದರೆ, ಎರಡರಲ್ಲೂ ಬದಲಾವಣೆ ಕಾಣಲಿಲ್ಲ. ಇದೇ ತಂಡ ಇನ್ನೊಂದನ್ನೂ ತೋರಿಸಿತ್ತು: ಕೃತಕ ಪ್ರೊಜೆಸ್ಟರಾನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ತಾಪ ಏರಿಯೇ ಇರುತ್ತದೆ. ಅಂದಮೇಲೆ ಗುಂಡಿ ತಿರುಗಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಥರ್ಮಾಮೀಟರ್ 100 ದಾಟಿದ್ದರೆ ಮಾತ್ರ ಅದು ಚಕ್ರದ ಲೆಕ್ಕವಲ್ಲ, ನಿಜವಾದ ಜ್ವರ. ಅದರ ಕಾರಣ ಹುಡುಕಬೇಕು.

ಅರ್ಧ ಡಿಗ್ರಿಯಂತೆ, ಅದಕ್ಕೆಲ್ಲ ನಿದ್ದೆ ಕೆಡುತ್ತದೆಯೇ ಎಂಬ ನಗೆ ಮೂರನೆಯದು. 103ರ ಜ್ವರದ ಪಕ್ಕದಲ್ಲಿಟ್ಟರೆ ಅರ್ಧ ಡಿಗ್ರಿ ಸಣ್ಣದೇ. ಆದರೆ ಅದನ್ನು ಇಡಬೇಕಾದ ಜಾಗ ಅದಲ್ಲ. ಆರೋಗ್ಯವಂತರ ಮೈತಾಪ ಸಂಜೆಯ ಹೊತ್ತಿಗೆ ತುದಿಗೇರಿ ನಸುಕಿನ ನಾಲ್ಕು ಐದಕ್ಕೆ ತಳ ಮುಟ್ಟುತ್ತದೆ. ಈ ಇಡೀ ಏರಿಳಿತವೇ ಒಂದೂವರೆ ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಅಂಗೈ ಅಂಗಾಲುಗಳ ರಕ್ತನಾಳ ಹಿಗ್ಗಿ ಮೈಯೊಳಗಿನ ಬಿಸಿ ಹೊರಹೋಗುತ್ತಾ, ಒಳತಾಪ ಚುರುಕಾಗಿ ಇಳಿಯುವ ಹೊತ್ತಿನಲ್ಲೇ ನಮಗೆ ನಿದ್ದೆ ಹತ್ತುವುದು. ಪ್ರೊಜೆಸ್ಟರಾನ್ ಹಗಲಿನ ತುದಿಯನ್ನು ಎತ್ತುವುದಕ್ಕಿಂತ ಹೆಚ್ಚಾಗಿ ರಾತ್ರಿಯ ತಳವನ್ನು ಎತ್ತುತ್ತದೆ. ಜೊತೆಗೆ ಬೆವರು ಒಡೆಯುವುದೂ ಚರ್ಮಕ್ಕೆ ರಕ್ತ ನುಗ್ಗುವುದೂ ಮೊದಲಿಗಿಂತ ಹೆಚ್ಚು ತಾಪಕ್ಕೆ ಶುರುವಾಗುತ್ತವೆ. ಇಳಿಜಾರು ಆಳವಿಲ್ಲದೆ ಚಪ್ಪಟೆಯಾಗುತ್ತದೆ. ಒಂದೂವರೆಯಲ್ಲಿ ಅರ್ಧ ಎಂದರೆ ಮೂರನೇ ಒಂದು ಪಾಲು. ನಗುವವರು ಈ ಭಾಗಾಕಾರ ಮಾಡಿ ಆಮೇಲೆ ನಗಲಿ. ಅಂದ ಹಾಗೆ, ಇದೇ ಲೆಕ್ಕದಲ್ಲಿ ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಮಾಡುವ ಬಿಸಿನೀರಿನ ಸ್ನಾನ ಯಾರಿಗಾದರೂ ನಿದ್ದೆಯನ್ನು ಬೇಗ ತರುತ್ತದೆ, ಕೈಕಾಲಿಗೆ ರಕ್ತ ಎಳೆದು ಬಿಸಿಯನ್ನು ಹೊರಹಾಕಿಸುವುದರಿಂದ. ಉಷ್ಣಕ್ಕೆ ತಣ್ಣೀರು ಎಂಬ ಉಪದೇಶ ರಕ್ತನಾಳವನ್ನು ಕುಗ್ಗಿಸಿ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ನಾಲ್ಕನೇ ಆಕ್ಷೇಪಣೆ ಓದಿಕೊಂಡವರದು, ಆದ್ದರಿಂದ ಹೆಚ್ಚು ಗೌರವಕ್ಕೆ ಅರ್ಹ. ಪ್ರೊಜೆಸ್ಟರಾನ್ ಮಂಪರು ತರುವ ಹಾರ್ಮೋನು, ಅದು ಹೆಚ್ಚಿರುವಾಗ ನಿದ್ದೆ ಸೊಂಪಾಗಬೇಕು, ಕೆಡುತ್ತದೆ ಎನ್ನುವ ನಿಮ್ಮ ಮಾತೇ ವಿರೋಧಾಭಾಸ ಎನ್ನುತ್ತಾರೆ. ಮೊದಲ ಅರ್ಧ ಸತ್ಯ. ಪ್ರೊಜೆಸ್ಟರಾನ್ ಮೈಯಲ್ಲಿ ಅಲೊಪ್ರೆಗ್ನನೊಲೋನ್ ಆಗಿ ಬದಲಾಗಿ, ನಿದ್ದೆಮಾತ್ರೆಗಳು ಹಿಡಿಯುವ ಗಾಬಾ ಗ್ರಾಹಕಗಳನ್ನೇ ಹಿಡಿದು ಮಿದುಳನ್ನು ಶಾಂತಗೊಳಿಸುತ್ತದೆ. ಬಾಣಂತಿಯರ ಖಿನ್ನತೆಗೆ ಅಮೆರಿಕದಲ್ಲಿ 2019ರಲ್ಲಿ ಇದನ್ನೇ ಔಷಧಿಯಾಗಿ ಒಪ್ಪಿದಾಗ, ರೋಗಿ ಏಕಾಏಕಿ ಪ್ರಜ್ಞೆ ತಪ್ಪಬಹುದೆಂದು ನಿಗಾ ಇಟ್ಟೇ ಕೊಡಬೇಕೆಂಬ ಎಚ್ಚರಿಕೆಯೂ ಜೊತೆಗಿತ್ತು. ಹಾಗಾಗಿ ಎರಡನೇ ಅರ್ಧದ ನಡುವೆ, ತಾಪ ತುದಿಯಲ್ಲಿದ್ದರೂ, ಎಷ್ಟೋ ಹೆಂಗಸರು ಚೆನ್ನಾಗಿಯೇ ಮಲಗುತ್ತಾರೆ; ಕೆಲವರಿಗೆ ಹಗಲಲ್ಲೂ ತೂಕಡಿಕೆ. ಆಗ ಮಿದುಳಿನ ವಿದ್ಯುತ್ ಅಲೆಗಳಲ್ಲಿ ಸ್ಪಿಂಡಲ್ ಎಂಬ ಸಣ್ಣ ಗುಚ್ಛಗಳು ಹೆಚ್ಚುತ್ತವೆ, ಕನಸಿನ ನಿದ್ದೆ ಸ್ವಲ್ಪ ತಗ್ಗುತ್ತದೆ, ಗಾಢನಿದ್ದೆ ಬಹುಪಾಲು ಹಾಗೇ ಇರುತ್ತದೆ. ಈಗ ದೂರುಗಳ ದಿನಾಂಕ ನೋಡಿ: ಮುಟ್ಟಿಗೆ ಮುಂಚಿನ ನಾಲ್ಕಾರು ದಿನ ಮತ್ತು ಮುಟ್ಟಿನ ಮೊದಲೆರಡು ದಿನ. ಅದು ಪ್ರೊಜೆಸ್ಟರಾನ್ ಹೆಚ್ಚಿರುವ ಕಾಲವಲ್ಲ, ಕುಸಿಯುವ ಕಾಲ. ನಿದ್ದೆಮಾತ್ರೆಗೆ ಒಗ್ಗಿದವರು ಒಮ್ಮೆಲೇ ಬಿಟ್ಟಾಗ ಮೊದಲಿಗಿಂತ ಕೆಟ್ಟ ರಾತ್ರಿ ಬರುತ್ತದೆಂದು ಈ ಓದಿಕೊಂಡವರಿಗೆ ಗೊತ್ತಿದೆ. ಅಂಡಾಶಯ ತಾನೇ ಕೊಟ್ಟ ಮಂಪರನ್ನು ವಾಪಸು ತೆಗೆದುಕೊಂಡಾಗ ಮಾತ್ರ ಏನೂ ಆಗಬಾರದು ಎಂದು ಏಕೆ ನಿರೀಕ್ಷಿಸುತ್ತಾರೋ! ವಿರೋಧಾಭಾಸ ನನ್ನ ಮಾತಿನಲ್ಲಿಲ್ಲ. ಹದಿನಾಲ್ಕು ದಿನವನ್ನು ಒಂದೇ ದಿನವೆಂದು ಎಣಿಸಿದವರ ಲೆಕ್ಕದಲ್ಲಿದೆ. ಬಿಸಿಯೇ ನಿದ್ದೆಗೆಡಿಸುವ ಏಕೈಕ ಕಾರಣ ಎನ್ನುವವರಿಗೂ ಇದೇ ಉತ್ತರ: ಹಾಗಿದ್ದರೆ ಅತಿ ಕೆಟ್ಟ ರಾತ್ರಿ 23ನೇ ದಿನದ್ದಾಗಬೇಕಿತ್ತು, 29ನೇ ದಿನದ್ದಲ್ಲ.

ಇವರ ನೆರೆಮನೆಯವರೇ ಐದನೆಯವರು: ಪ್ರಯೋಗಾಲಯದಲ್ಲಿ ತಲೆಗೆ ತಂತಿ ಹಚ್ಚಿ ಅಳೆದರೆ ಎರಡೂ ಅರ್ಧದ ನಿದ್ದೆ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಹೆಂಗಸರ ದೂರು ಕಲ್ಪನೆ ಎನ್ನುತ್ತಾರೆ. ಯಾರನ್ನು, ಯಾವ ರಾತ್ರಿ ಅಳೆದಿರಿ ಎಂದು ಕೇಳಬೇಕು. ಇಂಥ ಹಲವು ಪ್ರಯೋಗಗಳು ಮುಟ್ಟಿನ ತೊಂದರೆ ಹೇಳಿಕೊಳ್ಳದ ಆರೋಗ್ಯವಂತ ಯುವತಿಯರನ್ನೇ ಆರಿಸಿಕೊಂಡು, ಎರಡನೇ ಅರ್ಧದ ನಟ್ಟನಡುವಿನ ಒಂದೆರಡು ರಾತ್ರಿ ಅಳೆದಂಥವು. ದೂರಿಲ್ಲದವರನ್ನು ದೂರಿಲ್ಲದ ರಾತ್ರಿ ಅಳೆದು ದೂರು ಸಿಗಲಿಲ್ಲ ಎಂದರೆ ಆಶ್ಚರ್ಯಪಡಬೇಕೆ? ನಡುವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಮೆರಿಕದ ‘ಸ್ವಾನ್’ ಅಧ್ಯಯನ ಮಣಿಕಟ್ಟಿನ ಸಾಧನ ಕಟ್ಟಿ ಇಡೀ ಚಕ್ರವನ್ನು ಅಳೆದಾಗ, ಮುಟ್ಟಿನ ಹಿಂದಿನ ವಾರ ಹಾಸಿಗೆಯಲ್ಲಿದ್ದ ಹೊತ್ತಿಗೆ ಹೋಲಿಸಿದರೆ ನಿದ್ದೆಯ ಪಾಲು ಇಳಿದದ್ದು ಕಂಡಿತು. ಸೊಂಪಾಗಬೇಕು ಎಂದ ನಾಲ್ಕನೆಯವರೂ ಏನೂ ಬದಲಾಗುವುದಿಲ್ಲ ಎನ್ನುವ ಐದನೆಯವರೂ ಮೊದಲು ತಮ್ಮಲ್ಲೇ ಇತ್ಯರ್ಥ ಮಾಡಿಕೊಂಡು ಬಂದರೆ ಒಳ್ಳೆಯದು.

ಕಡೆಯದಾಗಿ, ಇದನ್ನೆಲ್ಲ ಒಪ್ಪಿ ತಲೆದೂಗಿ, ಅಂದಮೇಲೆ ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ, ಜವಾಬ್ದಾರಿ ಕೆಲಸ ಬೇಡ ಎನ್ನುವವರಿದ್ದಾರೆ. ಈ ತರ್ಕಕ್ಕೆ ವಯಸ್ಸಾಗಿದೆ. ಹಾರ್ವರ್ಡ್‌ನಲ್ಲಿದ್ದ ವೈದ್ಯ ಎಡ್ವರ್ಡ್ ಕ್ಲಾರ್ಕ್ 1873ರಲ್ಲಿ, ಬೆರಳೆಣಿಕೆಯ ರೋಗಿಗಳ ಕಥೆ ಮುಂದಿಟ್ಟು, ಮುಟ್ಟಾಗುವ ಹುಡುಗಿಯರು ಗಂಡುಮಕ್ಕಳಂತೆ ಓದಿದರೆ ದೇಹ ಕೆಡುತ್ತದೆ ಎಂದು ಬರೆದ. ವೈದ್ಯೆ ಮೇರಿ ಪಟ್ನಮ್ ಜಕೋಬಿ ಹೆಂಗಸರಿಂದ ವಿವರ ಕೇಳಿ ಪಡೆದು, ನಾಡಿ, ತಾಪಗಳನ್ನು ಅಳೆದು, ಮುಟ್ಟಿಗೆ ಮುಂಚೆ ಏರಿ ಆಮೇಲೆ ಇಳಿಯುವ ಅಲೆಯನ್ನು ಗುರುತಿಸಿ, ಅದರಿಂದ ವಿಶ್ರಾಂತಿ ಕಡ್ಡಾಯ ಎಂಬ ತೀರ್ಮಾನ ಹೊರಡುವುದಿಲ್ಲ ಎಂದು ತೋರಿಸಿದಳು. 1876ರಲ್ಲಿ ಹಾರ್ವರ್ಡ್ ಆಕೆಯ ಪ್ರಬಂಧಕ್ಕೇ ಬಾಯ್ಲ್‌ಸ್ಟನ್ ಬಹುಮಾನ ಕೊಟ್ಟಿತು. ಇನ್ನು ರಾತ್ರಿ ಪಾಳಿಯ ಮಾತು: ಅದು ಗಂಡಸರ ಮೈತಾಪದ ಲಯವನ್ನೂ ನಿದ್ದೆಯ ಹೊತ್ತಿಗೆ ಹೊಂದದಂತೆ ಮಾಡುತ್ತದೆ, ಅದೂ ತಿಂಗಳಿಗೆ ನಾಲ್ಕಾರು ದಿನವಲ್ಲ, ಪಾಳಿ ಇರುವಷ್ಟು ದಿನವೂ. ಗಂಡಸರನ್ನು ಪಾಳಿಯಿಂದ ತೆಗೆಯಿರಿ ಎಂಬ ಅರ್ಜಿಯನ್ನು ಇವರು ಯಾರೂ ಇನ್ನೂ ಹಾಕಿಲ್ಲ.