ಮಾಲು ಹೋಯಿತು, ಹಣವೆಲ್ಲಿ?

ಯಾದಗಿರಿಯ ಗಂಜಿಗೆ ತೊಗರಿ ತಂದ ರೈತನಿಗೆ ಅಡತಿ ಅಂಗಡಿಯವರು ಒಂದು ಪಟ್ಟಿ ಕೊಡುತ್ತಾರೆ. ತೂಕವೆಷ್ಟು, ದರವೆಷ್ಟು, ಹಮಾಲಿ ಎಷ್ಟು, ಕೈಗೆ ಬರುವುದೆಷ್ಟು ಎಂಬುದು ಅದರಲ್ಲಿರುತ್ತದೆ. ಈ ಪಟ್ಟಿ ಯಾರ ದಯೆಯಿಂದಲೂ ಬಂದದ್ದಲ್ಲ. ಮನಸ್ಸಿಗೆ ಬಂದಂತೆ ಮುರಿದುಕೊಳ್ಳುವುದಕ್ಕೆ ಮೊದಲು 1930ರ ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯಿದೆ, ಆಮೇಲೆ 1966ರ ಕರ್ನಾಟಕದ ಕಾಯಿದೆ ಕಟ್ಟುಪಾಡು ಹಾಕಿದ್ದರಿಂದ ಅದು ಬಂದಿದೆ.

ಈಗ ಇನ್ನೊಂದು ಗಂಜು ಹುಟ್ಟಿದೆ. ಅದಕ್ಕೆ ಕಟ್ಟೆಯಿಲ್ಲ, ತಕ್ಕಡಿಯಿಲ್ಲ. ಶಹಾಪುರದ ಬಟ್ಟೆ ವ್ಯಾಪಾರಿಯೂ, ಸುರಪುರದಲ್ಲಿ ಮನೆಯಲ್ಲೇ ಹೊಲಿಗೆ ಹಾಕುವ ಗಿರಣಿ ಕೆಲಸಗಾರನ ಹೆಂಡತಿಯೂ ಮೊಬೈಲಿನಲ್ಲಿ ಚಿತ್ರ ಹಾಕಿ ಊರೂರಿಗೆ ಮಾಲು ಕಳಿಸಬಹುದು. ಕೊಳ್ಳುವವರ ಹಣ ಮೊದಲು ಹೋಗುವುದು ನಡುವೆ ನಿಂತ ಆನ್‌ಲೈನ್ ಪೇಟೆಯ ಕಂಪನಿಯ ಕಡೆಗೆ. ಅಲ್ಲಿಂದ ಅದು ನಮ್ಮ ಖಾತೆಗೆ ಬರಬೇಕು. ಬರುವುದು ತಡವಾದಾಗ ನಮ್ಮವರು "ಕಂಪನಿ ನಮ್ಮ ಹಣ ನುಂಗಿತು" ಎನ್ನುತ್ತಾರೆ. ಕೆಲವೊಮ್ಮೆ ಅದು ನಿಜ, ಕೆಲವೊಮ್ಮೆ ಅಲ್ಲ. ಯಾವುದು ನಿಜವೆಂದು ತಿಳಿಯದೆ ಜಗಳಕ್ಕೆ ನಿಂತರೆ ಜಗಳವೂ ಸೋಲುತ್ತದೆ, ಹಣವೂ ಬರುವುದಿಲ್ಲ.

ಬಾರದ ಹಣವೆಲ್ಲ ಒಂದೇ ಜಾತಿಯದಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಅದರಲ್ಲಿ ಮೂರು ಪಾಲುಗಳಿವೆ. ಇನ್ನೂ ಗಡುವು ಬಾರದ ಹಣ ಒಂದು, ಮುರಿದುಕೊಂಡ ಹಣ ಇನ್ನೊಂದು, ತಡೆದಿಟ್ಟ ಹಣ ಮೂರನೆಯದು. ಮೂರಕ್ಕೂ ಕಾರಣ ಬೇರೆ, ಔಷಧ ಬೇರೆ.

ಒಂದು ಲೆಕ್ಕವನ್ನೇ ಮಾಡಿ ನೋಡೋಣ. ಶಹಾಪುರದ ಒಬ್ಬ ವ್ಯಾಪಾರಿ ಒಂದು ತಿಂಗಳಲ್ಲಿ 500 ರೂಪಾಯಿಯ 100 ಚಾದರಗಳನ್ನು ಕಳಿಸಿದರೆಂದು ಇಟ್ಟುಕೊಳ್ಳಿ. ಒಟ್ಟು 50,000 ರೂಪಾಯಿಯ ಮಾಲು. ಖಾತೆಗೆ ಬಂದದ್ದು 14,800. ಉಳಿದ 35,200 ರೂಪಾಯಿ ಮುಳುಗಿತೆಂದು ಅವರಿಗೆ ಎದೆ ಹೊಡೆದುಕೊಳ್ಳುತ್ತದೆ. ಆದರೆ ಕಂಪನಿಯ ಸೆಟ್ಲ್‌ಮೆಂಟ್ ಪಟ್ಟಿಯನ್ನು ಇಳಿಸಿಕೊಂಡು ಒಂದೊಂದು ಆರ್ಡರನ್ನೂ ತಾಳೆ ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. 12 ಚಾದರಗಳು ಕೊಳ್ಳುವವರು ಸಿಗದೆ ದಾರಿಯಿಂದಲೇ ಮರಳಿವೆ. 8 ಚಾದರಗಳನ್ನು ಕೊಂಡವರು ತೆಗೆದುಕೊಂಡು ಆಮೇಲೆ ಹಿಂದಕ್ಕೆ ಕಳಿಸಿದ್ದಾರೆ. ಈ 20 ಚಾದರ ಮಾರಾಟವೇ ಆಗಿಲ್ಲ. ಮಾಲು ತಮ್ಮ ಅಂಗಡಿಗೆ ಬಂದಿದೆಯೇ ಎಂದಷ್ಟೇ ನೋಡಬೇಕು. ಇನ್ನು 20 ಚಾದರಗಳು ಕಳೆದ ವಾರವಷ್ಟೇ ಮುಟ್ಟಿವೆ. ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಅವುಗಳ 10,000 ರೂಪಾಯಿಯನ್ನು ಕಂಪನಿ ಬಿಡುವುದಿಲ್ಲ. ಇದು ಗಡುವು ಬಾರದ ಹಣ. ಇದಕ್ಕೆ ದೂರು ಬರೆದು ಫಲವಿಲ್ಲ. ಕರಾರಿನಲ್ಲಿ ಎಷ್ಟು ದಿನವೆಂದಿದೆಯೋ ಅದನ್ನು ಗುರುತು ಹಾಕಿಕೊಂಡು ಕಾಯಬೇಕು. ದಿನ ಎಣಿಸುವುದು ಮಾಲು ಕಳಿಸಿದ ದಿನದಿಂದಲ್ಲ, ಬಹಳ ಕಡೆ ಅದು ಮುಟ್ಟಿದ ದಿನದಿಂದ ಎಂಬುದನ್ನು ನಮ್ಮವರು ಮರೆಯುತ್ತಾರೆ.

ಉಳಿದದ್ದು 60 ಚಾದರ, 30,000 ರೂಪಾಯಿ. ಇದರಿಂದ ಮುರಿದುಕೊಂಡದ್ದನ್ನು ನೋಡೋಣ. ಚಾದರವೊಂದಕ್ಕೆ ಕಮೀಶನ್ 50, ಸಾಗಣೆ 70, ಈ 120ರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 21 ರೂಪಾಯಿ 60 ಪೈಸೆ. ಅರವತ್ತಕ್ಕೂ ಸೇರಿ 8,496. ಕೊಂಡವರು ಮರಳಿಸಿದ 8 ಚಾದರಗಳ ಸಾಗಣೆ ತೆರಿಗೆ ಸಹಿತ 118ರಂತೆ 944. ಸರಕಾರದ ಪರವಾಗಿ ಕಂಪನಿ ಹಿಡಿಯುವ ಜಿಎಸ್‌ಟಿ ವಸೂಲಿ 2024ರ ಜುಲೈ 10ರಿಂದ ನೂರಕ್ಕೆ ಅರ್ಧ ರೂಪಾಯಿ, ಆದಾಯ ತೆರಿಗೆ ಕಡಿತ 2024ರ ಅಕ್ಟೋಬರ್ 1ರಿಂದ ನೂರಕ್ಕೆ ಹತ್ತು ಪೈಸೆ. ಎರಡೂ ಸೇರಿ ಇಲ್ಲಿ ಸುಮಾರು 170. ಇವೆಲ್ಲ ಕಳೆದರೆ ಬರಬೇಕಾದದ್ದು 20,390. ಬಂದದ್ದು 14,800. ಅಂದರೆ ನಿಜವಾದ ಜಗಳ 35,200ಕ್ಕಲ್ಲ, 5,590 ರೂಪಾಯಿಗೆ. ಹಿಡಿದ ತೆರಿಗೆಯೂ ಹಾಳಾಗುವುದಿಲ್ಲ. ನಿಯಮದಂತೆ ಜಿಎಸ್‌ಟಿ ರಿಟರ್ನನ್ನೂ ಆದಾಯ ತೆರಿಗೆ ರಿಟರ್ನನ್ನೂ ತುಂಬುವವರಿಗೆ ಅದು ಆಯಾ ಲೆಕ್ಕಕ್ಕೆ ಜಮಾ ಆಗುತ್ತದೆ.

ಈ 5,590ರಲ್ಲಿ 1,770 ರೂಪಾಯಿ ತೂಕದ ತಂಟೆ. 25 ಕಟ್ಟುಗಳು ಅರ್ಧ ಕಿಲೋದವಾದರೂ ಒಂದು ಕಿಲೋ ಎಂದು ಹಿಡಿದು, ಒಂದೊಂದಕ್ಕೆ 70 ರೂಪಾಯಿ 80 ಪೈಸೆ ಹೆಚ್ಚು ಮುರಿದಿದ್ದಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಾಗಣೆದಾರರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಕಟ್ಟಿನ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ ಇನ್ನೊಂದು ತೂಕ ತೆಗೆಯುತ್ತಾರೆ. ಎರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. 25, 20, 5 ಅಳತೆಯ ಕಟ್ಟಾದರೆ ಅರ್ಧ ಕಿಲೋ. ಅದೇ ಚಾದರವನ್ನು ಸಡಿಲಾಗಿ ಮಡಚಿ 30, 25, 10ರ ಡಬ್ಬಿಯಲ್ಲಿಟ್ಟರೆ ಒಂದೂವರೆ ಕಿಲೋ. ಆಗ ಗಾಳಿಗೂ ಬಾಡಿಗೆ ಕೊಡಬೇಕಾಗುತ್ತದೆ, ಕಂಪನಿಯ ತಪ್ಪೇನೂ ಇರುವುದಿಲ್ಲ. ಆದ್ದರಿಂದ ಕಟ್ಟು ತಕ್ಕಡಿಯ ಮೇಲಿದ್ದಾಗ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು, ಆರ್ಡರ್ ನಂಬರು ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಬೇಕು. ಮರಳಿ ಬಂದ ಕಟ್ಟನ್ನು ಬಿಚ್ಚುವಾಗಲೂ ಮೊದಲಿನಿಂದ ಕೊನೆಯವರೆಗೆ ವಿಡಿಯೋ ಹಿಡಿಯಬೇಕು. ಒಳ್ಳೆಯ ಚಾದರದ ಬದಲು ಹಳೆಯ ಬಟ್ಟೆ ಬಂದರೆ ಅದೊಂದೇ ಸಾಕ್ಷಿ. ಇಂಥ ತಕರಾರಿಗೆ ಪ್ರತಿ ಕಂಪನಿಯೂ ಇಷ್ಟೇ ದಿನವೆಂದು ಗಡುವು ಹಾಕಿರುತ್ತದೆ. ತಿಂಗಳ ಕೊನೆಗೆ ಲೆಕ್ಕ ನೋಡುವವರಿಗೆ ಆ ಗಡುವು ದಾಟಿರುತ್ತದೆ. ವಾರಕ್ಕೊಂದು ದಿನ ಗೊತ್ತುಮಾಡಿ ತಾಳೆ ನೋಡುವುದೇ ದಾರಿ.

ಮಿಕ್ಕ 3,820 ರೂಪಾಯಿ ತಡೆದಿಟ್ಟ ಹಣ. ಪಟ್ಟಿಯಲ್ಲಿ ಅದರ ಮುಂದೆ 'ರಿಜರ್ವ್' ಎಂದೋ 'ಹೋಲ್ಡ್' ಎಂದೋ ಒಂದು ಮಾತು ಇರುತ್ತದೆ, ಅಷ್ಟೆ. ಇದಕ್ಕೆ ಹಲವು ಕಾರಣಗಳುಂಟು. ಮೊದಲು ನಮ್ಮ ಮನೆಯ ಕಡೆಯದನ್ನೇ ನೋಡಿಕೊಳ್ಳೋಣ. ಜಿಎಸ್‌ಟಿಯಲ್ಲಿ ಅಂಗಡಿಯ ಹೆಸರು, ಬ್ಯಾಂಕಿನಲ್ಲಿ ಮಗನ ಹೆಸರು ಇದ್ದರೆ ಹಣ ನಿಲ್ಲುತ್ತದೆ. ರಿಟರ್ನ್ ತುಂಬದೆ ಜಿಎಸ್‌ಟಿ ನಂಬರು ಅಮಾನತಾದರೆ ನಿಲ್ಲುತ್ತದೆ. ನಮ್ಮ ಭಾಗದಲ್ಲಿ ಬ್ಯಾಂಕಿನ ವಿಲೀನವೂ ಒಂದು ಕಾರಣ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ಸೇರಿ, ಅದರ ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳು 2021ರ ಜುಲೈಯಿಂದ ನಿಂತವು. ಗ್ರಾಮೀಣ ಬ್ಯಾಂಕುಗಳೂ 2025ರ ಮೇ 1ರಂದು ಒಂದಾದವು. ಹಳೆಯ ಪಾಸ್‌ಬುಕ್ ನೋಡಿ ಸಂಕೇತ ಬರೆದುಕೊಟ್ಟವರು ಶಾಖೆಗೆ ಹೋಗಿ ಇಂದಿನದನ್ನು ಕೇಳಿ ಸರಿಪಡಿಸಬೇಕು. ಪಟ್ಟಿಯಲ್ಲಿ 'ಪಾವತಿಯಾಗಿದೆ' ಎಂದಿದ್ದು ಖಾತೆಗೆ ಬಾರದಿದ್ದರೆ, ಪಾವತಿಯ ಯು.ಟಿ.ಆರ್. ನಂಬರು ಹಿಡಿದು ಬ್ಯಾಂಕಿಗೆ ಹೋಗಬೇಕು. ಹಣ ಬಂತೋ, ಹಿಂದಕ್ಕೆ ಹೋಯಿತೋ ಎಂಬುದು ಆ ನಂಬರಿನಿಂದಲೇ ಗೊತ್ತಾಗುತ್ತದೆ.

ಇವೆಲ್ಲ ಸರಿಯಿದ್ದೂ ಹಣ ನಿಂತಿದ್ದರೆ ಆಗ ಕಂಪನಿ ಉತ್ತರ ಕೊಡಬೇಕು. ಫೋನಿನಲ್ಲಿ ಬೈದರೆ ದಾಖಲೆ ಉಳಿಯುವುದಿಲ್ಲ. ದೂರನ್ನು ಬರೆದು ದಾಖಲಿಸಿ, ನಂಬರು ಪಡೆಯಬೇಕು. ಅದರಲ್ಲಿ "ನಮ್ಮ ಹಣ ಕೊಡಿ" ಎಂದು ಬರೆದರೆ ಸಾಲದು. ಯಾವ ಆರ್ಡರುಗಳು, ಮುಟ್ಟಿದ ತಾರೀಖು, ಕರಾರಿನ ಪ್ರಕಾರ ಪಾವತಿಯ ತಾರೀಖು, ಬಾಕಿ ಎಷ್ಟು, ಕರಾರಿನ ಯಾವ ಕಲಮಿನಡಿ ತಡೆದಿರಿ, ಯಾವ ದಿನ ಬಿಡುವಿರಿ ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಅದೇ ಕಾಗದವನ್ನು ಕಂಪನಿಯ ರಿಜಿಸ್ಟರ್ಡ್ ಕಚೇರಿಗೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಬೇಕು. "ಹಣ ಬಿಡಿಸಿಕೊಡುತ್ತೇವೆ, ಒ.ಟಿ.ಪಿ. ಹೇಳಿ, ಇಷ್ಟು ಶುಲ್ಕ ಕಟ್ಟಿ" ಎಂದು ಈ ನಡುವೆ ಯಾರಾದರೂ ಫೋನು ಮಾಡಿದರೆ ಅವರು ಕಳ್ಳರು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ದೂರು ಕೊಡಬೇಕು.

ಮುಂದೆ ಕಾನೂನಿನ ಮಾತು. ಸಣ್ಣ ಉದ್ಯಮಗಳ 2006ರ ಕಾಯಿದೆಯ ಪ್ರಕಾರ ಮಾಲು ಕೊಂಡವರು 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಳಲು ಇದು ಸೊಗಸಾಗಿದೆ. ಆದರೆ ಆನ್‌ಲೈನ್ ಪೇಟೆಯ ಕಂಪನಿ, "ಕೊಂಡವರು ನಾವಲ್ಲ, ನಾವು ಬರೀ ಮಧ್ಯಸ್ಥರು" ಎನ್ನುತ್ತದೆ. ಅದೂ ಅಲ್ಲದೆ, ಕೊಂಡು ಮಾರುವ ವ್ಯಾಪಾರಿಗಳಿಗೆ 2021ರ ಜುಲೈಯಲ್ಲಿ ಉದ್ಯಮ್ ನೋಂದಣಿ ತೆರೆದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ, ಈ ಬಡ್ಡಿಯ ಹಕ್ಕಿಗಲ್ಲ. ತಾನೇ ತಯಾರಿಸಿ ಕಂಪನಿಗೇ ನೇರವಾಗಿ ಮಾರಿದವರಿಗೆ ಈ ದಾರಿ ಉಂಟು. ಉಳಿದವರಿಗೆ ಕರಾರೇ ಆಧಾರ. ಆ ಕರಾರಿನಲ್ಲಿ ತಕರಾರು ದೂರದ ನಗರದ ಪಂಚಾಯ್ತಿದಾರರ ಮುಂದೆ ಎಂದು ಬರೆದಿರಬಹುದು. 3,820 ರೂಪಾಯಿಗೆ ಯಾರು ದಿಲ್ಲಿಗೆ ಹೋದಾರು? ಮೊದಲು ತಾಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟುವುದು ಒಳ್ಳೆಯದು. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕಾರ್ಖಾನೆಯ ಕಾರ್ಮಿಕರಿಗೂ ಕಾನೂನು ನೆರವು ಅಲ್ಲಿ ಉಚಿತ. ಬಾಕಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ ಎಂಬುದೂ ನೆನಪಿರಲಿ.

ಕಂಪನಿಯೇ ಮುಳುಗಿದರೆ ಇದಾವುದೂ ಬೇಗ ಕೈಗೂಡದು. 2016ರ ಆಗಸ್ಟಿನಲ್ಲಿ ಆಸ್ಕ್‌ಮಿ ಬಜಾರ್ ಬಾಗಿಲು ಹಾಕಿದಾಗ ಮಾರಾಟಗಾರರ ಬಾಕಿ ಹಾಗೆಯೇ ನಿಂತಿತು. ಪಾವತಿಯ ದಿನಗಳು ಎಲ್ಲರಿಗೂ ಒಟ್ಟಿಗೆ ಹಿಂದೆ ಸರಿಯತೊಡಗಿದರೆ ಅದು ಕೆಟ್ಟ ಗುರುತು. ಹೊಸ ಮಾಲು ಕಳಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಎಲ್ಲರಿಗೂ ಒಟ್ಟಿಗೆ ಆಗುತ್ತಿದೆಯೋ ಎಂಬುದು ಒಬ್ಬೊಬ್ಬರೇ ಕುಳಿತರೆ ಹೇಗೆ ಗೊತ್ತಾಗಬೇಕು? ಯಾದಗಿರಿ, ಶಹಾಪುರ, ಸುರಪುರಗಳ ಮಾರಾಟಗಾರರು ತಿಂಗಳಿಗೊಮ್ಮೆ ಒಂದೆಡೆ ಸೇರಿ, ಬರಬೇಕಾದದ್ದು, ಬಂದದ್ದು, ತಡೆದದ್ದು, ಕೊಟ್ಟ ಕಾರಣ ಎಂಬ ನಾಲ್ಕು ಕಲಮುಗಳ ಒಂದು ಪಟ್ಟಿ ಮಾಡಲಿ. ಒಬ್ಬರ 3,820 ರೂಪಾಯಿಗೆ ಉತ್ತರ ಬಾರದಿರಬಹುದು. ಐವತ್ತು ಜನರ ಲೆಕ್ಕ ಒಂದೇ ಕಾಗದದಲ್ಲಿ ಹೋದರೆ ಅದನ್ನು ಬದಿಗಿಡುವುದು ಕಷ್ಟ. ಆ ಕಾಗದವನ್ನು ಲೋಕಸಭಾ ಸದಸ್ಯರಿಗೂ ಕೊಡಬೇಕು. ಅವರ ಮುಂದಿಡಬೇಕಾದ ಬೇಡಿಕೆ ಒಂದೇ. ಕೊಂಡವರಿಗೆ 45 ದಿನದ ಗಡುವು ಹಾಕಿದ ಕಾಯಿದೆ, ಕೊಂಡವರ ಹಣವನ್ನು ಕೈಯಲ್ಲಿ ಹಿಡಿದ ಮಧ್ಯಸ್ಥರಿಗೂ ಗಡುವು ಹಾಕಲಿ. ತಡೆದರೆ ಕಾರಣವನ್ನು ಬರೆದು ಕೊಡುವಂತೆ ಕಟ್ಟುಮಾಡಲಿ. ಗಂಜಿನ ಅಡತಿಗೆ ಹಾಕಿದ ಕಟ್ಟುಪಾಡನ್ನು ಮೊಬೈಲಿನ ಅಡತಿಗೂ ಹಾಕಿರೆಂದು ಕೇಳುವುದರಲ್ಲಿ ಅನ್ಯಾಯವೇನೂ ನಮಗೆ ಕಾಣುವುದಿಲ್ಲ.